ಐದು ತಿಂಗಳು ತಡವಾದ ಕ್ಲೇಮಿಗೆ ವಿಮಾ ಕಂಪನಿಯ ಕ್ಷಮಾಪಣೆ ಪತ್ರ: ಈ ಕರಡು ಕಳಿಸಬಹುದೇ?

ಕ್ಲೇಮು ಡೆಸ್ಕ್

ನಮ್ಮ ವಿಭಾಗದಿಂದ ಒಬ್ಬ ಪಾಲಿಸಿದಾರರಿಗೆ ಕ್ಷಮಾಪಣೆ ಪತ್ರ ಹೋಗಬೇಕಿದೆ. ಕರಡು ಕೆಳಗಿದೆ, ಅದಕ್ಕೂ ಮುಂಚೆ ನಡೆದದ್ದು ಇಷ್ಟು.

ಸಣ್ಣ ಮುದ್ರಣಾಲಯ. ಮೇಲಿನ ಮಹಡಿಯ ನೀರಿನ ಪೈಪು ಒಡೆದು ಕಾಗದದ ದಾಸ್ತಾನು, ಒಂದು ಮುದ್ರಣ ಯಂತ್ರ ಎರಡೂ ನೆನೆದಿವೆ. ಮಾರ್ಚ್ 3ಕ್ಕೆ ನಮಗೆ ತಿಳಿಸಿದ್ದಾರೆ, 6ಕ್ಕೆ ಸರ್ವೇಯರ್ ಹೋಗಿದ್ದಾರೆ, ಏಪ್ರಿಲ್ 10ಕ್ಕೆ ವರದಿ ಬಂದಿದೆ. ಆಮೇಲೆ ನಾವು ಕೇಳಿದ್ದು ಒಂದೇ ದಾಖಲೆ, ಯಂತ್ರ ರಿಪೇರಿಯ ಅಂತಿಮ ಬಿಲ್ಲು. ಅದನ್ನು ಅವರು ಏಪ್ರಿಲ್ 18ಕ್ಕೇ ಮೇಲ್ ಮಾಡಿದ್ದಾರೆ. ಆದರೆ ಅವರದೇ ಹಳೆಯ ಕ್ಲೇಮೊಂದರ ಮೇಲ್ ತೆಗೆದು ಅದಕ್ಕೇ ರಿಪ್ಲೈ ಕೊಟ್ಟಿದ್ದಾರೆ. ವಿಷಯದ ಸಾಲಿನಲ್ಲಿ ಹಳೆಯ ಕ್ಲೇಮ್ ಸಂಖ್ಯೆ ಇದ್ದುದರಿಂದ ಸಿಸ್ಟಮ್ ಅದನ್ನು ಒಯ್ದು ಆ ಮುಚ್ಚಿದ ಫೈಲಿಗೆ ಸೇರಿಸಿದೆ. ಮುಚ್ಚಿದ ಫೈಲಿಗೆ ಹೊಣೆಗಾರರು ಅಂತ ಯಾರೂ ಇರುವುದಿಲ್ಲ, ಹಾಗಾಗಿ ಯಾರಿಗೂ ಅಲರ್ಟ್ ಹೋಗಿಲ್ಲ. ಇತ್ತ ಹೊಸ ಫೈಲು "ದಾಖಲೆ ಬಾಕಿ" ಅಂತಲೇ ನಿಂತಿದೆ. ಮೇ, ಜೂನ್, ಜುಲೈ ತಿಂಗಳ 5ನೇ ತಾರೀಖು ತಾನಾಗಿಯೇ ರಿಮೈಂಡರ್ ಹೋಗಿದೆ. ಸೆಪ್ಟೆಂಬರ್ 2ಕ್ಕೆ ಅವರು ಫೋನ್ ಮಾಡಿದಾಗಲೇ ಬಿಲ್ಲು ಸಿಕ್ಕಿದ್ದು.

ಕರಡು:

"ಮಾನ್ಯರೇ, ನಿಮ್ಮ ಕ್ಲೇಮಿನ ಇತ್ಯರ್ಥದಲ್ಲಿ ಕೆಲವು ತಾಂತ್ರಿಕ ಕಾರಣಗಳಿಂದ ವಿಳಂಬ ಉಂಟಾಗಿದ್ದು, ಇದರಿಂದ ತಮಗೆ ಆಗಿರಬಹುದಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಅಗತ್ಯ ದಾಖಲೆಗಳು ಈಗ ಲಭ್ಯವಾಗಿರುವುದರಿಂದ ತಮ್ಮ ಕ್ಲೇಮನ್ನು ಆದ್ಯತೆಯ ಮೇರೆಗೆ ಪರಿಶೀಲಿಸಲಾಗುತ್ತಿದ್ದು, ಶೀಘ್ರದಲ್ಲೇ ತಮಗೆ ತಿಳಿಸಲಾಗುವುದು. ಇಂತಹ ಲೋಪ ಮರುಕಳಿಸದಂತೆ ಸಿಬ್ಬಂದಿಗೆ ಸೂಕ್ತ ತರಬೇತಿ ನೀಡಲಾಗಿದೆ."

ಎಲ್ಲಿ ತಿದ್ದಬೇಕು?

ಷರಾ

ತಿದ್ದುವುದಲ್ಲ, ಹೊಸದಾಗಿ ಬರೆಯಬೇಕು. ಭಾಷೆ ಒಣಗಿದೆ ಅನ್ನುವುದು ಸಣ್ಣ ಮಾತು. ದೊಡ್ಡ ತೊಂದರೆ "ಅಗತ್ಯ ದಾಖಲೆಗಳು ಈಗ ಲಭ್ಯವಾಗಿರುವುದರಿಂದ" ಎಂಬ ಆ ಒಂದು ತುಂಡಿನಲ್ಲಿದೆ. ಅದು ಸುಳ್ಳು. ದಾಖಲೆ ನಿಮ್ಮ ಹತ್ತಿರ ಏಪ್ರಿಲ್ 18ರಿಂದಲೂ ಇತ್ತು, ಸೆಪ್ಟೆಂಬರಿನಲ್ಲಿ ನಿಮ್ಮ ಕಣ್ಣಿಗೆ ಬಿತ್ತು ಅಷ್ಟೇ. ನಾಳೆ ದೂರು ಓಂಬುಡ್ಸ್‌ಮನ್ ಮುಂದೆ ಹೋದರೆ ಆ ಅಧಿಕಾರಿ ನೋಡುವುದು ಫೈಲನ್ನು. ಫೈಲಿನಲ್ಲಿ ಏನಿದೆ? ಬಾಕಿ ದಾಖಲೆ ಕೇಳಿ ಮೂರು ರಿಮೈಂಡರ್, ಯಾವುದಕ್ಕೂ ಉತ್ತರವಿಲ್ಲ, ಕೊನೆಗೆ ಸೆಪ್ಟೆಂಬರಿನಲ್ಲಿ ದಾಖಲೆ "ಲಭ್ಯ". ಪಾಲಿಸಿದಾರರೇ ತಡಮಾಡಿದರು ಅಂತ ಯಾರಾದರೂ ಓದಿಕೊಳ್ಳುತ್ತಾರೆ. ಕ್ಷಮೆ ಕೇಳುವ ಪತ್ರವೇ ತಪ್ಪನ್ನು ಅವರ ತಲೆಗೆ ಕಟ್ಟಿದ ಹಾಗಾಯಿತು.

ಈ ಪತ್ರದ ಮೊದಲ ಕೆಲಸ ದಾಖಲೆ ನೇರ ಮಾಡುವುದು. ಬಿಲ್ಲು ನಮಗೆ ತಲುಪಿದ್ದು ಏಪ್ರಿಲ್ 18ಕ್ಕೆ ಅಂತ ಬರೆಯಬೇಕು. ಆಮೇಲೆ ಹೋದ ಮೂರೂ ರಿಮೈಂಡರ್ ತಪ್ಪಾಗಿ ಹೋದವು, ಅವನ್ನು ಹಿಂಪಡೆದಿದ್ದೇವೆ ಅಂತ ತಾರೀಖು ಸಮೇತ ಬರೆಯಬೇಕು. ಬಡ್ಡಿ ಎಲ್ಲಿಂದ ಲೆಕ್ಕ, ದೂರಿನ ಗಡುವು ಎಲ್ಲಿಂದ ಲೆಕ್ಕ, ಎಲ್ಲವೂ ಆ ಒಂದು ತಾರೀಖಿನ ಮೇಲೆ ನಿಂತಿವೆ.

ಇನ್ನೊಂದು. "ಆಗಿರಬಹುದಾದ ಅನಾನುಕೂಲ" ಅಂದರೆ ಆಗಿದೆಯೋ ಇಲ್ಲವೋ ನಮಗೆ ಅನುಮಾನ ಅಂದಂತೆ. ಯಂತ್ರ ರಿಪೇರಿಗೆ ಅವರು ಕೈಯಿಂದ ದುಡ್ಡು ಹಾಕಿ ಐದು ತಿಂಗಳಾಯಿತು. ಅದು ಅನಾನುಕೂಲ ಅಲ್ಲ, ನಷ್ಟ.

ಕಾನೂನು ಕಡೆಯವ

ಸ್ವಲ್ಪ ತಡೆಯಿರಿ. ಹೀಗೆ ತಾರೀಖು ಹಾಕಿ "ತಪ್ಪು ನಮ್ಮದು" ಅಂತ ಬರೆದುಕೊಟ್ಟರೆ ಕ್ಲೇಮನ್ನೇ ಒಪ್ಪಿಕೊಂಡಂತಾಗುತ್ತದೆ. ನಾಳೆ ಪಾಲಿಸಿಯ ಷರತ್ತು ತೋರಿಸಿ ಒಂದು ಭಾಗ ನಿರಾಕರಿಸಲೂ ಆಗುವುದಿಲ್ಲ. ಕ್ಷಮೆ ಎಂಬ ಪದವೇ ಬೇಡ, ವಿಷಾದ ಸಾಕು. ಪತ್ರದ ತಲೆಯ ಮೇಲೆ "ಹಕ್ಕುಗಳಿಗೆ ಬಾಧೆಯಿಲ್ಲದೆ" ಅಂತ ಹಾಕಿಬಿಡಿ, ಕ್ಷೇಮ.

ಷರಾ

ಅರ್ಧ ಸರಿ. ಎರಡು ವಿಷಯ ಕಲಸಿ ಹೋಗಿವೆ, ಬಿಡಿಸಿಕೊಳ್ಳೋಣ.

ಫೈಲು ಓಡಿಸುವುದರಲ್ಲಿ ನಾವು ತಡಮಾಡಿದೆವು ಅನ್ನುವುದು ಒಂದು ಸಂಗತಿ. ಈ ನಷ್ಟಕ್ಕೆ ಪಾಲಿಸಿ ಅನ್ವಯಿಸುತ್ತದೆಯೇ ಅನ್ನುವುದು ಬೇರೆ. ಮೊದಲನೆಯದನ್ನು ಒಪ್ಪಿಕೊಂಡರೆ ಎರಡನೆಯದನ್ನು ಒಪ್ಪಿಕೊಂಡಂತೆ ಆಗುವುದಿಲ್ಲ, ಆದರೆ ಪತ್ರದಲ್ಲಿ ಎರಡೂ ಬೇರೆ ಬೇರೆ ಪ್ಯಾರಾದಲ್ಲಿರಬೇಕು. ಬ್ರಿಟನ್ನಿನ 2006ರ ಪರಿಹಾರ ಕಾಯ್ದೆ, ಕ್ಷಮೆ ಕೇಳಿದ ಮಾತ್ರಕ್ಕೇ ನಿರ್ಲಕ್ಷ್ಯ ಒಪ್ಪಿಕೊಂಡಂತಲ್ಲ ಅಂತ ಹೇಳುತ್ತದೆ. ಹಾಂಗ್‌ಕಾಂಗ್ 2017ರಲ್ಲಿ ಕ್ಷಮಾಪಣೆಗೇ ಒಂದು ಕಾನೂನು ತಂದಿತು. ನಿಮ್ಮಲ್ಲಿ ಅಂಥ ಕಾನೂನು ಇದೆಯೋ ಇಲ್ಲವೋ ಲೀಗಲ್ ವಿಭಾಗ ನೋಡಲಿ. ಆದರೂ ಅಂಚೆ ಮುದ್ರೆಯಷ್ಟೇ ನಿಚ್ಚಳವಾಗಿ ಸರ್ವರಿನಲ್ಲಿ ಮೇಲ್ ಬಂದ ಸಮಯ ಇರುವಾಗ ಅದನ್ನು ಬರೆಯದೆ ಇದ್ದರೆ ಉಳಿಯುವುದೇನೂ ಇಲ್ಲ.

"ಹಕ್ಕುಗಳಿಗೆ ಬಾಧೆಯಿಲ್ಲದೆ" ಅನ್ನುವುದು ರಾಜಿ ಮಾತುಕತೆಯ ತಲೆಬರಹ. ಆ ಮಾತುಕತೆಯನ್ನು ಆಮೇಲೆ ಸಾಕ್ಷಿಯಾಗಿ ತೋರಿಸಬಾರದು ಅಂತ ಹಾಕುವುದು. ಇಲ್ಲಿ ನಮಗೆ ಬೇಕಿರುವುದು ಇದಕ್ಕೆ ತಿರುಗು, ಈ ಪತ್ರ ದಾಖಲೆಯಾಗಿ ನಿಲ್ಲಬೇಕು. ಇನ್ನೂ ತೀರ್ಮಾನವಾಗದ ಭಾಗವಿದ್ದರೆ ಅದರ ಹೆಸರು ಹಿಡಿದು "ಇದರ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ" ಅಂದರೆ ಸಾಕು, ಹಕ್ಕು ಉಳಿಯುತ್ತದೆ.

ಡೆಸ್ಕ್ ಅವರೇ, ಹಾಗೆ ಬಾಕಿ ಉಳಿದ ಭಾಗ ಏನಾದರೂ ಇದೆಯೇ?

ಕ್ಲೇಮು ಡೆಸ್ಕ್

ಇದೆ. ಅವರು ಕೇಳಿರುವುದು ಒಟ್ಟು 4,20,000. ದಾಸ್ತಾನಿಗೆ 2,40,000, ಯಂತ್ರಕ್ಕೆ 1,80,000. ದಾಸ್ತಾನಿನಲ್ಲಿ ನೆನೆದ ಕಾಗದ ಮಾರಿ ಬಂದ 30,000 ಕಳೆದು 2,10,000 ಒಪ್ಪಿದ್ದೇವೆ. ಯಂತ್ರದಲ್ಲಿ ಮೋಟಾರಿನ 1,30,000ಕ್ಕೆ ತಕರಾರಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ 50,000 ಮಾತ್ರ ಬಾಕಿ. ಅದು ನೀರಿಗೆ ಕೆಟ್ಟಿತೋ, ಮೊದಲೇ ಕೆಟ್ಟಿತ್ತೋ ಅಂತ ಸರ್ವೇಯರ್ ಪ್ರಶ್ನೆ ಹಾಕಿದ್ದಾರೆ. ಪಾಲಿಸಿದಾರರು ಹೊರಬೇಕಾದ ಡಿಡಕ್ಟಿಬಲ್ 20,000.

ನಷ್ಟಲೆಕ್ಕ

ಹಾಗಾದರೆ 3,20,000 ಈಗಲೇ ಕೊಟ್ಟುಬಿಡಿ. 2,10,000 ಮತ್ತು 1,30,000 ಸೇರಿಸಿ 20,000 ಕಳೆದರೆ ಅಷ್ಟಾಗುತ್ತದೆ. 50,000ದ ತಕರಾರಿಗೋಸ್ಕರ 3,20,000 ಹಿಡಿದಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಡಿಡಕ್ಟಿಬಲ್ ವಿಷಯದಲ್ಲಿ ಒಂದು ಎಚ್ಚರ. ಭಾಗಶಃ ಪಾವತಿ ಮಾಡುವಾಗ ಒಮ್ಮೆ ಕಳೆಯುತ್ತೀರಿ. ಎರಡು ತಿಂಗಳಾದ ಮೇಲೆ ಪ್ಯಾನೆಲ್ಲಿನ ಹಣ ಮಂಜೂರಾದಾಗ ಬೇರೆಯವರು ಕೂತಿರುತ್ತಾರೆ, ಸಿಸ್ಟಮ್ ಅದನ್ನು ಹೊಸ ಪಾವತಿ ಅಂತ ನೋಡುತ್ತದೆ, ಮತ್ತೆ 20,000 ಕಳೆದು 30,000 ಕಳಿಸುತ್ತದೆ. ಆದ್ದರಿಂದ "ಡಿಡಕ್ಟಿಬಲ್ ಪೂರ್ತಿ ಈ ಪಾವತಿಯಲ್ಲೇ ಕಳೆಯಲಾಗಿದೆ, ಮುಂದೆ ಕಳೆಯುವುದಿಲ್ಲ" ಅಂತ ಪತ್ರದಲ್ಲೇ ಬರೆದಿಡಿ.

ಪ್ಯಾನೆಲ್ ಎಲ್ಲಿದೆ? ಬದಲಾಯಿಸಿ ಹಳೆಯದನ್ನು ಗುಜರಿಗೆ ಹಾಕಿದ್ದರೆ ಎಂಜಿನಿಯರ್ ಏನು ನೋಡಬೇಕು?

ಕ್ಲೇಮು ಡೆಸ್ಕ್

ರಿಪೇರಿ ಮಾಡಿದವರ ಬಳಿ ಇದೆಯಂತೆ, ಇಂದೇ ಫೋನಿನಲ್ಲಿ ಕೇಳಿದೆ. ಸೆಪ್ಟೆಂಬರ್ 19ಕ್ಕೆ ಎಂಜಿನಿಯರ್ ಹೋಗಲು ಒಪ್ಪಿದ್ದಾರೆ.

ನಷ್ಟಲೆಕ್ಕ

ಅದೃಷ್ಟ. ಎಂಜಿನಿಯರಿಗೆ ಮೊದಲೇ ಹೇಳಿ, ಬೋರ್ಡಿನ ಮೇಲಿನ ಕಲೆ ನೋಡಲಿ. ನೀರು ಹೊಕ್ಕು ಕೆಟ್ಟಿದ್ದರೆ ಟರ್ಮಿನಲ್ಲುಗಳ ಸುತ್ತ ಹಸಿರು ಇಲ್ಲವೇ ಬಿಳಿ ಪುಡಿಯಂತಹ ತುಕ್ಕು, ನೀರು ನಿಂತ ಮಟ್ಟದ ಗೆರೆ ಕಾಣುತ್ತದೆ. ಹಳೆಯ ದೋಷವಾಗಿದ್ದರೆ ಒಂದೇ ಬಿಡಿಭಾಗದ ಸುತ್ತ ಕಾವಿಗೆ ಕಂದಿದ ಗುರುತಿರುತ್ತದೆ, ಉಳಿದ ಬೋರ್ಡು ಚೊಕ್ಕವಾಗಿರುತ್ತದೆ. ಐದು ತಿಂಗಳು ಮೂಲೆಯಲ್ಲಿ ಬಿದ್ದದ್ದಕ್ಕೆ ಹಿಡಿದ ತುಕ್ಕು ಯಾವುದು, ಅಂದಿನದು ಯಾವುದು ಅಂತ ಬಿಡಿಸುವುದು ಈಗ ಕಷ್ಟ. ಆ ಕಷ್ಟ ತಂದದ್ದು ನಿಮ್ಮ ತಡವೇ. ಹಾಗಾಗಿ ವರದಿ "ಖಚಿತವಾಗಿ ಹೇಳಲಾಗದು" ಅಂತ ಬಂದರೆ ಅನುಮಾನದ ಲಾಭ ಪಾಲಿಸಿದಾರರಿಗೆ ಹೋಗಬೇಕು ಅನ್ನುವುದು ನನ್ನ ನಿಲುವು.

ಲಗೇಜು ಕಳೆದವಳು

ನನಗೂ ಇಂಥದೇ ಪತ್ರ ಬಂದಿದೆ, ಪ್ರಯಾಣ ವಿಮೆಯದು. ಕ್ಷಮಿಸಿ ಅಂತ ಎರಡು ಸಾಲು, ಜೊತೆಗೆ ಸಹಿ ಮಾಡಲು ಒಂದು ಡಿಸ್ಚಾರ್ಜ್ ವೋಚರ್. ಸಹಿ ಮಾಡಿದ ಮೇಲೆ ದುಡ್ಡು ಹಾಕುತ್ತಾರಂತೆ. ಕ್ಷಮಾಪಣೆ ಒಪ್ಪಿಕೊಂಡೆ ಅಂತ ನಾನು ಪತ್ರ ಬರೆಯಬೇಕಾ? ಅದರ ಮಾದರಿ ಯಾರ ಹತ್ತಿರವಾದರೂ ಇದೆಯಾ?

ಷರಾ

ಮೇಡಂ, ಕ್ಷಮಾಪಣೆಗೆ ಉತ್ತರ ಬರೆಯುವ ಅಗತ್ಯವೇ ಇಲ್ಲ. ವೋಚರ್ ಮಾತ್ರ ನಿಧಾನವಾಗಿ ಓದಿ. "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಅಂತ ಇದ್ದರೆ ಆ ಸಹಿಯೊಂದಿಗೆ ಉಳಿದ ಹಣವೂ, ತಡದ ಬಡ್ಡಿಯೂ ಕೈತಪ್ಪಬಹುದು. ಕೇಳಿದ್ದು ಪೂರ್ತಿ ಬಂದು ನಿಮಗೆ ಸಮಾಧಾನವಾಗಿದ್ದರೆ ಸರಿ. ಇಲ್ಲದಿದ್ದರೆ ಸಹಿ ಮಾಡುವ ಮುಂಚೆಯೇ, ಇದನ್ನು ಭಾಗಶಃ ಪಾವತಿ ಅಂತ ಮಾತ್ರ ಸ್ವೀಕರಿಸುತ್ತೇನೆ, ವೋಚರ್ ತಿದ್ದಿ ಕಳಿಸಿ ಅಂತ ಮೇಲ್ ಮಾಡಿ. ಉತ್ತರ ಬರಹದಲ್ಲೇ ಬರಲಿ.

ಡೆಸ್ಕ್ ಅವರಿಗೂ ಇದು ಅನ್ವಯಿಸುತ್ತದೆ. ಕ್ಷಮಾಪಣೆ ಪತ್ರವಿರುವ ಲಕೋಟೆಯಲ್ಲಿ ವೋಚರ್ ಇಡಬೇಡಿ. ಲೆಕ್ಕಪತ್ರ ವಿಭಾಗಕ್ಕೆ ರಸೀದಿ ಬೇಕೇ ಬೇಕೆಂದರೆ "3,20,000 ಭಾಗಶಃ ಪಾವತಿ ತಲುಪಿದೆ, ಉಳಿದ ಬೇಡಿಕೆ ಹಾಗೆಯೇ ಇದೆ" ಎನ್ನುವ ಒಂದು ಸಾಲಿನ ರಸೀದಿ ಸಾಕು, ಅದೂ ಹಣ ಹೋದ ಮೇಲೆ.

ಮುಂಗೋಪಿ

ನನಗೆ ಒಂದು ಅರ್ಥವಾಗುತ್ತಿಲ್ಲ. ಮೂರು ರಿಮೈಂಡರ್ ಬಂದಾಗ ಪಾಲಿಸಿದಾರರು ಸುಮ್ಮನೆ ಇದ್ದರಾ? "ಕಳಿಸಿದ್ದೇನಲ್ಲ" ಅಂತ ಯಾರಾದರೂ ಉತ್ತರ ಕೊಟ್ಟೇ ಕೊಡುತ್ತಾರೆ.

ಕ್ಲೇಮು ಡೆಸ್ಕ್

ಪರಿಶೀಲಿಸಿದೆ. ಮೇ 6ಕ್ಕೂ ಜೂನ್ 5ಕ್ಕೂ ಉತ್ತರ ಕೊಟ್ಟಿದ್ದಾರೆ. ರಿಮೈಂಡರ್ ಹೋಗುವ ಮೇಲ್ ವಿಳಾಸ ಉತ್ತರ ಸ್ವೀಕರಿಸುವುದಿಲ್ಲ. ಎರಡೂ ಎಲ್ಲಿಯೂ ತಲುಪದೆ ಬಿದ್ದಿವೆ. ಅವರಿಗೆ ವಾಪಸ್ ಬಂದ ಸೂಚನೆಯೂ ಹೋಗಿಲ್ಲ.

ಮುಂಗೋಪಿ

ನೋಡಿ, ಅಸಲಿ ಕಥೆ ಇಲ್ಲಿದೆ. ಹಳೆಯ ಮೇಲಿಗೆ ರಿಪ್ಲೈ ಮಾಡಿದ್ದು ಅವರು, ಹಾಗಾಗಿ ತಪ್ಪು ಫೈಲಿಗೆ ಹೋಯಿತು ಅಂತಷ್ಟೇ ಪತ್ರದಲ್ಲಿ ಬರೆದಿದ್ದರೆ ಓದುವವರಿಗೆ "ಓಹೋ, ನನ್ನದೇ ತಪ್ಪು ಅನ್ನುತ್ತಿದ್ದಾರೆ" ಅನ್ನಿಸುತ್ತಿತ್ತು. ಮೊದಲ ಜಾರುವಿಕೆ ಯಾರಿಂದಲಾದರೂ ಆಗುತ್ತದೆ. ಅದನ್ನು ಹಿಡಿಯಬೇಕಾದ ಎರಡು ಬಾಗಿಲೂ ನಿಮ್ಮ ಕಡೆಯೇ ಮುಚ್ಚಿದ್ದವು.

ಷರಾ

ಹೌದು, ಈ ಮಾಹಿತಿ ಇಲ್ಲದೆ ಪತ್ರ ಹೋಗಿದ್ದರೆ ಎರಡನೇ ಕ್ಷಮಾಪಣೆ ಬರೆಯಬೇಕಾಗುತ್ತಿತ್ತು. ಕಾರಣ ಬರೆಯುವಾಗ ನಾನು ಇಟ್ಟುಕೊಳ್ಳುವ ಅಳತೆ ಇದು: ಮೊದಲು ಏನು ಜಾರಿತು ಅನ್ನುವುದಕ್ಕೆ ಒಂದು ವಾಕ್ಯ, ಅದು ಅಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಅನ್ನುವುದಕ್ಕೆ ಎರಡು. ತಪ್ಪಾಗಿದ್ದಕ್ಕೆ ಜನ ಅಷ್ಟು ಸಿಟ್ಟಾಗುವುದಿಲ್ಲ. ಹೇಳಿ ಹೇಳಿ ಸಾಕಾದರೂ ಯಾರಿಗೂ ಕೇಳಿಸಲಿಲ್ಲವಲ್ಲ, ಅದಕ್ಕೆ ಸಿಟ್ಟು.

"ಸಿಬ್ಬಂದಿಗೆ ತರಬೇತಿ ನೀಡಲಾಗಿದೆ" ಅನ್ನುವುದನ್ನೂ ತೆಗೆಯಿರಿ. ಇಲ್ಲಿ ಸಿಬ್ಬಂದಿ ಏನು ಮಾಡುತ್ತಿದ್ದರು? ಅವರಿಗೆ ಅಲರ್ಟೇ ಬಂದಿರಲಿಲ್ಲ. ಮುಚ್ಚಿದ ಫೈಲಿಗೆ ಹೊಸ ಮೇಲ್ ಬಂದರೆ ಅದನ್ನು ಒಬ್ಬರು ಕೈಯಾರೆ ನೋಡುವ ಸರದಿಗೆ ಹಾಕಬೇಕು, ರಿಮೈಂಡರ್ ಉತ್ತರ ಸ್ವೀಕರಿಸುವ ವಿಳಾಸದಿಂದ ಹೋಗಬೇಕು. ಈ ಎರಡರಲ್ಲಿ ನಿಜವಾಗಿ ಮಾಡಿದ್ದನ್ನು ಮಾತ್ರ "ಮಾಡಿದ್ದೇವೆ" ಅಂತ ಬರೆಯಿರಿ. ಆಗದ್ದಕ್ಕೆ ತಾರೀಖು ಕೊಡಿ, ತಾರೀಖೂ ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ.

ಕ್ಲೇಮು ಡೆಸ್ಕ್

ಮುಚ್ಚಿದ ಫೈಲಿನ ಸರದಿ ಸೆಪ್ಟೆಂಬರ್ 9ಕ್ಕೆ ಶುರುವಾಗಿದೆ. ರಿಮೈಂಡರ್ ವಿಳಾಸ ಇನ್ನೂ ಆಗಿಲ್ಲ, ತಂತ್ರಾಂಶದವರು ತಾರೀಖು ಕೊಡುತ್ತಿಲ್ಲ.

ಬಡ್ಡಿಯ ಬಗ್ಗೆ ಹೇಳಿ. ಕೊನೆಯ ದಾಖಲೆ ಬಂದ ಮೇಲೆ 30 ದಿನದಲ್ಲಿ ಪಾವತಿ ಅನ್ನುವುದು ನಮ್ಮ ಪಾಲಿಸಿಯ ಮಾತು. ತಡವಾದರೆ ವರ್ಷಕ್ಕೆ 8 ಪ್ರತಿಶತ ಸರಳ ಬಡ್ಡಿ. ಮೇಲಿನವರು ಇದನ್ನು "ಸೌಹಾರ್ದದ ಕೊಡುಗೆ" ಅಂತ ಬರೆಯಲು ಹೇಳುತ್ತಿದ್ದಾರೆ.

ಕಾನೂನು ಕಡೆಯವ

ಬಡ್ಡಿ ನಷ್ಟವಾದ ದಿನದಿಂದಲೇ ಲೆಕ್ಕ ಅಲ್ಲವೇ? ಮಾರ್ಚ್ 3ರಿಂದ?

ನಷ್ಟಲೆಕ್ಕ

ಅಲ್ಲ. ತನಿಖೆಗೆ ಬೇಕಾದ ನ್ಯಾಯವಾದ ಸಮಯ ಕಂಪನಿಗೆ ಇದ್ದೇ ಇದೆ. ಹಣ ಯಾವತ್ತು ಕೈಸೇರಬೇಕಿತ್ತೋ ಅಲ್ಲಿಂದ ತಡ ಶುರು. ಏಪ್ರಿಲ್ 18ಕ್ಕೆ 30 ದಿನ ಸೇರಿಸಿ, ಮೇ 18. ಸೆಪ್ಟೆಂಬರ್ 16ಕ್ಕೆ ಹಣ ಹಾಕುವುದಾದರೆ 121 ದಿನ ತಡ. 3,20,000ಕ್ಕೆ ವರ್ಷಕ್ಕೆ 8 ಪ್ರತಿಶತ ಅಂದರೆ 25,600. ಅದನ್ನು 121ರಿಂದ ಗುಣಿಸಿ 365ರಿಂದ ಭಾಗಿಸಿದರೆ 8,487. ಈ ಲೆಕ್ಕವನ್ನು ಪತ್ರದಲ್ಲೇ ಬಿಡಿಸಿ ತೋರಿಸಿ. ಹಣ 18ಕ್ಕೆ ಹೋದರೆ ಎರಡು ದಿನದ ಬಡ್ಡಿ ಹೆಚ್ಚಾಗುತ್ತದೆ, ಹಾಗಾಗಿ "ಹಣ ಜಮೆಯಾಗುವ ದಿನದವರೆಗೆ" ಅಂತ ಸೇರಿಸಿ.

ಈ ದರ, ಅವಧಿ ಎಲ್ಲ ಕಡೆ ಒಂದೇ ಅಲ್ಲ. ಕೆಲವು ಕಡೆ ನಿಯಂತ್ರಕರೇ ಬ್ಯಾಂಕ್ ದರದ ಮೇಲೆ 2 ಪ್ರತಿಶತ ಅಂತ ಗೊತ್ತುಮಾಡಿದ್ದಾರೆ. ಬ್ರಿಟನ್ನಿನಲ್ಲಿ 2017ರ ಮೇ 4ರಿಂದ ಮಾಡಿದ ವಿಮಾ ಒಪ್ಪಂದಗಳಿಗೆ, ನ್ಯಾಯವಾದ ಅವಧಿಯೊಳಗೆ ಹಣ ಕೊಡಬೇಕು ಅನ್ನುವ ಷರತ್ತು ಕಾನೂನಿನಿಂದಲೇ ಸೇರಿಕೊಂಡಿದೆ. ಅಲ್ಲಿಯೂ ತನಿಖೆಯ ಸಮಯ ಕಂಪನಿಗೆ ಸಿಗುತ್ತದೆ, ತಕರಾರಿಗೆ ನ್ಯಾಯವಾದ ಆಧಾರವಿದ್ದರೆ ಹಣ ಕೊಡದೆ ಇದ್ದದ್ದೊಂದೇ ತಪ್ಪಾಗುವುದಿಲ್ಲ.

ಷರಾ

ಕೊಡುಗೆ ಅಂತ ಬರೆಯಲೇಬೇಡಿ. ಪಾಲಿಸಿಯೇ ಕೊಡು ಅಂದದ್ದನ್ನು ಕೊಟ್ಟು ಉಪಕಾರ ಅನ್ನಬಾರದು. ಓಡಾಟ, ಫೋನು, ಮನಸ್ಸಿನ ಕಿರಿಕಿರಿಗೆ ಕಂಪನಿ ಏನಾದರೂ ಕೊಡುವ ಮನಸ್ಸು ಮಾಡಿದರೆ ಅದು ಬೇರೆ ಮೊತ್ತ, ಬೇರೆ ಸಾಲು. ಎರಡನ್ನೂ ಕಲಸಿ ಒಂದೇ ಅಂಕಿ ಕೊಟ್ಟರೆ ಬಡ್ಡಿ ಎಷ್ಟು ಬಂತು ಅಂತ ಅವರಿಗೆ ತಾಳೆ ನೋಡಲು ಬರುವುದಿಲ್ಲ.

ನನ್ನ ಕರಡು ಇದು. ತಾರೀಖುಗಳು ನೀವು ಕೊಟ್ಟವೇ.

"ಮಾನ್ಯರೇ,

ನಿಮ್ಮ ಕ್ಲೇಮಿನ ಹಣ ಮೇ 18ರೊಳಗೆ ನಿಮ್ಮ ಕೈಸೇರಬೇಕಿತ್ತು. ಸೇರಲಿಲ್ಲ. ತಪ್ಪು ನಮ್ಮದು, ಕ್ಷಮಿಸಿ.

ನಾವು ಕೇಳಿದ ಅಂತಿಮ ಬಿಲ್ಲನ್ನು ನೀವು ಏಪ್ರಿಲ್ 18ಕ್ಕೇ ಕಳಿಸಿದ್ದೀರಿ, ಅದು ಅದೇ ದಿನ ನಮಗೆ ತಲುಪಿದೆ. ನಮ್ಮ ಸಿಸ್ಟಮ್ ಅದನ್ನು ನಿಮ್ಮ ಹಳೆಯ, ಮುಚ್ಚಿದ ಕ್ಲೇಮಿನ ಫೈಲಿಗೆ ಸೇರಿಸಿತು. ಮುಚ್ಚಿದ ಫೈಲಿಗೆ ಬರುವ ಮೇಲ್‌ಗಳನ್ನು ನೋಡುವ ವ್ಯವಸ್ಥೆ ಆಗ ನಮ್ಮಲ್ಲಿರಲಿಲ್ಲ. ನಮ್ಮ ರಿಮೈಂಡರಿಗೆ ಮೇ 6 ಮತ್ತು ಜೂನ್ 5ಕ್ಕೆ ನೀವು ಕೊಟ್ಟ ಉತ್ತರಗಳೂ ಯಾರಿಗೂ ತಲುಪಲಿಲ್ಲ, ಏಕೆಂದರೆ ಆ ವಿಳಾಸ ಉತ್ತರ ಸ್ವೀಕರಿಸುವುದಿಲ್ಲ. ಮೇ 5, ಜೂನ್ 5, ಜುಲೈ 5ರ ರಿಮೈಂಡರುಗಳು ತಪ್ಪಾಗಿ ಹೋದವು, ಅವನ್ನು ಹಿಂಪಡೆದಿದ್ದೇವೆ. ದಾಖಲೆ ಕೊಡುವುದರಲ್ಲಿ ನಿಮ್ಮಿಂದ ಯಾವ ತಡವೂ ಆಗಿಲ್ಲ ಎಂದು ಫೈಲಿನಲ್ಲಿ ನಮೂದಿಸಿದ್ದೇವೆ.

ಸೆಪ್ಟೆಂಬರ್ 16ಕ್ಕೆ ನಿಮ್ಮ ಖಾತೆಗೆ 3,20,000 ಜಮೆ ಮಾಡುತ್ತೇವೆ. ಇದರಲ್ಲಿ ದಾಸ್ತಾನಿಗೆ 2,10,000 ಮತ್ತು ಮೋಟಾರಿಗೆ 1,30,000 ಸೇರಿದ್ದು, ಡಿಡಕ್ಟಿಬಲ್ 20,000 ಪೂರ್ತಿಯಾಗಿ ಕಳೆದಿದೆ, ಮುಂದೆ ಮತ್ತೆ ಕಳೆಯುವುದಿಲ್ಲ. ಜೊತೆಗೆ ಮೇ 18ರಿಂದ 121 ದಿನಗಳಿಗೆ ವರ್ಷಕ್ಕೆ 8 ಪ್ರತಿಶತದಂತೆ ಬಡ್ಡಿ 8,487. ಹಣ ಜಮೆಯಾಗುವುದು ತಡವಾದರೆ ಆ ದಿನಗಳ ಬಡ್ಡಿಯೂ ಸೇರುತ್ತದೆ. ಇದಕ್ಕಾಗಿ ನೀವು ಯಾವುದಕ್ಕೂ ಸಹಿ ಮಾಡಬೇಕಿಲ್ಲ.

ಕಂಟ್ರೋಲ್ ಪ್ಯಾನೆಲ್ಲಿನ 50,000 ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. ಅದು ನೀರಿನಿಂದ ಕೆಟ್ಟಿತೇ ಎಂದು ನೋಡಲು ಎಂಜಿನಿಯರ್ ಸೆಪ್ಟೆಂಬರ್ 19ಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಹಳೆಯ ಪ್ಯಾನೆಲ್ ತೆಗೆದಿಡಲು ರಿಪೇರಿಯವರಿಗೆ ಹೇಳಿ. ನಿಮ್ಮಿಂದ ಬೇರೆ ಯಾವ ದಾಖಲೆಯೂ ಬೇಕಿಲ್ಲ. ಸೆಪ್ಟೆಂಬರ್ 30ರೊಳಗೆ ತೀರ್ಮಾನವನ್ನು ಕಾರಣ ಸಮೇತ ಬರಹದಲ್ಲಿ ತಿಳಿಸುತ್ತೇವೆ. ಎಂಜಿನಿಯರ್ ವರದಿ ತಡವಾದರೆ, ಆ ದಿನ ನಾವೇ ಫೋನ್ ಮಾಡಿ ಹೊಸ ತಾರೀಖು ಹೇಳುತ್ತೇವೆ.

ನಿಮ್ಮ ಫೈಲನ್ನು ಇನ್ನು ಮುಂದೆ ನೋಡಿಕೊಳ್ಳುವವರ ಹೆಸರು, ನೇರ ಫೋನ್ ಸಂಖ್ಯೆ, ಉತ್ತರ ತಲುಪುವ ಮೇಲ್ ವಿಳಾಸ ಕೆಳಗಿವೆ. ಮುಚ್ಚಿದ ಫೈಲುಗಳಿಗೆ ಬರುವ ಮೇಲ್‌ಗಳನ್ನು ಸೆಪ್ಟೆಂಬರ್ 9ರಿಂದ ಪ್ರತಿ ಕೆಲಸದ ದಿನ ಒಬ್ಬರು ತೆರೆದು ನೋಡುತ್ತಿದ್ದಾರೆ. ಈ ಪತ್ರ ಸಮಾಧಾನ ತರದಿದ್ದರೆ ನೀವು ದೂರು ಕೊಡಬಹುದು, ವಿಧಾನ ಇದರ ಹಿಂದಿನ ಪುಟದಲ್ಲಿದೆ. ಈ ಹಣ ಪಡೆದರೂ ದೂರಿನ ಹಕ್ಕು ಹೋಗುವುದಿಲ್ಲ."

ಮುಂಗೋಪಿ

ಓದಿಸಿಕೊಂಡು ಹೋಗುತ್ತದೆ. ಆದರೆ ಹಳೆಯ ಫೈಲುಗಳಲ್ಲಿ ಇನ್ನೆಷ್ಟು ಜನರ ಬಿಲ್ಲು ಬಿದ್ದಿದೆ? 9ನೇ ತಾರೀಖಿನಿಂದ ಮುಂದೆ ಬರುವುದನ್ನು ನೋಡುತ್ತೀರಿ, ಹಿಂದೆ ಬಂದದ್ದು?

ಷರಾ

ಅದು ಈ ಪತ್ರಕ್ಕೆ ಸೇರಿದ್ದಲ್ಲ, ಆದರೆ ಪತ್ರ ಹೋಗುವ ಮೊದಲೇ ಆಗಬೇಕಾದ ಕೆಲಸ. ಮುಚ್ಚಿದ ದಿನಾಂಕದ ನಂತರ ಮೇಲ್ ಸೇರಿರುವ ಫೈಲುಗಳ ಪಟ್ಟಿ ತೆಗೆಸಿ. ಅದನ್ನು "ದಾಖಲೆ ಬಾಕಿ" ಅಂತ ನಿಂತಿರುವ ಫೈಲುಗಳ ಪಾಲಿಸಿದಾರರ ಪಟ್ಟಿಯೊಂದಿಗೆ ತಾಳೆ ಹಾಕಿ. ಎರಡರಲ್ಲೂ ಇರುವ ಹೆಸರುಗಳೇ ಉತ್ತರ.

ರಿನ್ಯೂವಲ್ ಕಡೆಯವಳು

ಎಲ್ಲರೂ ಒಂದು ಮರೆತಿದ್ದೀರಿ. ಈ ನಡುವೆ ಪಾಲಿಸಿ ರಿನ್ಯೂ ಆಗಿದೆಯೇ? ಕ್ಲೇಮ್ ತೆರೆದಿರುವವರೆಗೆ ಅದರ ಮೇಲೆ ಅಂದಾಜಿನ ಒಂದು ಮೀಸಲು ಮೊತ್ತ ಕೂತಿರುತ್ತದೆ. ಮೊದಲ ದಿನ ಹಾಕಿದ ಅಂದಾಜು ಸಾಮಾನ್ಯವಾಗಿ ಕೈಬಿಚ್ಚಿ ಹಾಕಿದ್ದು. ರಿನ್ಯೂವಲ್ ಪ್ರೀಮಿಯಂ ಲೆಕ್ಕ ಹಾಕುವಾಗ ನಮಗೆ ಕಾಣುವುದು ಆ ಮೊತ್ತವೇ, ನಿಜವಾಗಿ ಕೊಟ್ಟದ್ದಲ್ಲ.

ಕ್ಲೇಮು ಡೆಸ್ಕ್

ಜುಲೈಯಲ್ಲಿ ಆಗಿದೆ. ಮೀಸಲು 6,00,000 ಅಂತ ಇತ್ತು.

ರಿನ್ಯೂವಲ್ ಕಡೆಯವಳು

ನೋಡಿ. ಕೇಳಿದ್ದೇ 4,20,000, ಕೊಡುವುದು ಹೆಚ್ಚೆಂದರೆ 3,70,000. ಮೇಯಲ್ಲಿ ಇತ್ಯರ್ಥವಾಗಿದ್ದರೆ ಜುಲೈಯಲ್ಲಿ ನಮಗೆ ಆ ಅಂಕಿಯೇ ಕಾಣುತ್ತಿತ್ತು. ರಿನ್ಯೂವಲ್ ಪ್ರೀಮಿಯಂ ಮರುಲೆಕ್ಕ ಹಾಕಿಸಿ, ಹೆಚ್ಚಿಗೆ ಕಟ್ಟಿಸಿಕೊಂಡಿದ್ದರೆ ವಾಪಸ್ ಕೊಡಿ. ಇದನ್ನು ಪಾಲಿಸಿದಾರರು ತಾವಾಗಿ ಕೇಳುವುದಿಲ್ಲ, ಮೀಸಲು ಅನ್ನುವುದೊಂದು ಇದೆಯೆಂದೇ ಅವರಿಗೆ ಗೊತ್ತಿರುವುದಿಲ್ಲ.

ಕ್ಲೇಮು ಡೆಸ್ಕ್

ಅದಕ್ಕೆ ಒಂದು ಸಾಲು ಸೇರಿಸುತ್ತೇನೆ: "ಜುಲೈ ರಿನ್ಯೂವಲ್ಲಿನ ಪ್ರೀಮಿಯಂ ಮೇಲೆ ಈ ತಡ ಪರಿಣಾಮ ಬೀರಿದೆಯೇ ಎಂದು ನೋಡುತ್ತಿದ್ದೇವೆ, ಸೆಪ್ಟೆಂಬರ್ 30ರ ಪತ್ರದಲ್ಲೇ ಉತ್ತರ ಕೊಡುತ್ತೇವೆ."

ಕಾನೂನು ಕಡೆಯವ

ಷರಾ ಅವರ ಕರಡಿಗೆ ನನ್ನ ತಕರಾರು ಕಡಿಮೆಯಾಗಿದೆ. ಪ್ಯಾನೆಲ್ ಬೇರೆ ಪ್ಯಾರಾದಲ್ಲಿರುವುದು ಸರಿ. ಆದರೆ ಇನ್ನೊಂದು ಉಳಿದಿದೆ. ಪ್ಯಾನೆಲ್ಲಿನ ಹಣವೂ ಮಂಜೂರಾದರೆ ಅದಕ್ಕೆ ಬಡ್ಡಿ ಎಲ್ಲಿಂದ? ಪ್ರಾಮಾಣಿಕ ತಕರಾರು ಇದ್ದ ಮೊತ್ತಕ್ಕೆ ಮೇ 18ರಿಂದ ಬಡ್ಡಿ ಯಾಕೆ?

ನಷ್ಟಲೆಕ್ಕ

ಎಂಜಿನಿಯರ್ ಏಪ್ರಿಲ್ ಕೊನೆಗೇ ಹೋಗಿ ಬಂದಿರುತ್ತಿದ್ದರು, ಅದಕ್ಕೆ. ತಕರಾರು ಪ್ರಾಮಾಣಿಕವೇ ಇರಬಹುದು, ಅದನ್ನು ಐದು ತಿಂಗಳು ಯಾರೂ ಕೈಗೆತ್ತಿಕೊಳ್ಳಲಿಲ್ಲವಲ್ಲ.

ಕಾನೂನು ಕಡೆಯವ

ಎಂಜಿನಿಯರ್ ಹೋಗಿದ್ದರೂ ವರದಿಗೆ ಸಮಯ ಹಿಡಿಯುತ್ತಿತ್ತು. ಮೇ 18 ಅನ್ನುವುದು ಆ ಭಾಗಕ್ಕೆ ಹೊಂದುವುದಿಲ್ಲ.

ಷರಾ

ಈಗ ಎಂಜಿನಿಯರ್ ವರದಿಗೆ ಎಷ್ಟು ದಿನ ಹಿಡಿಯುತ್ತದೋ ಅಷ್ಟನ್ನು ಮೇ 18ಕ್ಕೆ ಸೇರಿಸಿ, ಅಲ್ಲಿಂದ ಲೆಕ್ಕ ಹಾಕಬಹುದು ಅನ್ನಿಸುತ್ತದೆ. ನಿಮ್ಮಿಬ್ಬರಿಗೂ ಒಪ್ಪಿಗೆಯಾಗಲಿಕ್ಕಿಲ್ಲ. ಪತ್ರದಲ್ಲಿ ಸದ್ಯಕ್ಕೆ ಏನೂ ಹೇಳಬೇಡಿ, ತೀರ್ಮಾನದ ಪತ್ರದಲ್ಲಿ ಲೆಕ್ಕ ತೋರಿಸಿ.

ಡೆಸ್ಕ್ ಅವರೇ, ಪತ್ರ ಕಳಿಸುವ ಗುಂಡಿ ಒತ್ತುವ ಮೊದಲು ಹೊಸ ಫೈಲಿನ ಸ್ಥಿತಿಯನ್ನು "ದಾಖಲೆ ಬಾಕಿ"ಯಿಂದ ಬದಲಾಯಿಸಿದ್ದೀರಾ ನೋಡಿ. ಜುಲೈ ನಂತರ ರಿಮೈಂಡರ್ ಯಾಕೆ ನಿಂತಿತು?

ಕ್ಲೇಮು ಡೆಸ್ಕ್

ಮೂರು ಆದ ಮೇಲೆ ಅದು ತಾನಾಗಿ ನಿಲ್ಲುತ್ತದೆ. ಆಮೇಲೆ 75 ದಿನಕ್ಕೆ "ದಾಖಲೆ ಬಾರದ ಕಾರಣ ಫೈಲು ಮುಚ್ಚಲಾಗಿದೆ" ಎಂಬ ಪತ್ರ ಹೋಗುತ್ತದೆ.

ನಷ್ಟಲೆಕ್ಕ

ಜುಲೈ 5ರಿಂದ 75 ದಿನ ಅಂದರೆ ಸೆಪ್ಟೆಂಬರ್ 18.

ಷರಾ

ಹಣ 16ಕ್ಕೆ, ಫೈಲು ಮುಚ್ಚಿದ ಪತ್ರ 18ಕ್ಕೆ, ಎಂಜಿನಿಯರ್ 19ಕ್ಕೆ! ಈಗಲೇ ಸ್ಥಿತಿ ಬದಲಾಯಿಸಿ. ಬದಲಾಯಿಸಿದರೆ ಸಾಲದು, ಕಳಿಸಲು ಸರದಿಯಲ್ಲಿ ಕೂತಿರುವ ಪತ್ರ ಬೇರೆ ಪಟ್ಟಿಯಲ್ಲಿರುತ್ತದೆ, ಅಲ್ಲಿಂದಲೂ ತೆಗೆಸಬೇಕು.

ಕ್ಲೇಮು ಡೆಸ್ಕ್

ಸ್ಥಿತಿ ಬದಲಾಯಿಸಿದೆ. ಸರದಿಯಲ್ಲಿ ಪತ್ರ ಇದೆ, 18ರ ತಾರೀಖಿನೊಂದಿಗೆ ಇದೆ. ತೆಗೆಯುವ ಅಧಿಕಾರ ನನ್ನ ಲಾಗಿನ್‌ಗೆ ಇಲ್ಲ, ತಂತ್ರಾಂಶದವರಿಗೆ ಬರೆದಿದ್ದೇನೆ. ಅದನ್ನು ಸರದಿಯಿಂದ ತೆಗೆದರು ಅಂತ ಖಾತ್ರಿಯಾದ ಮೇಲೆಯೇ ಕ್ಷಮಾಪಣೆ ಪತ್ರ ಕಳಿಸುತ್ತೇನೆ.